ಪ್ಯಾಕೆಟ್ಟಿನ ಮೇಲಿನ ಬೆಟ್ಟ ಯಾರದು?

ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಸಾಂಬಾರು ಪುಡಿ, ಕಾಫಿಪುಡಿ, ಜೇನುತುಪ್ಪದ ಪ್ಯಾಕೆಟ್ಟುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಹೆಸರು ಬೇರೆ, ಊರು ಬೇರೆ, ಅಕ್ಷರದ ಬಣ್ಣವೂ ಬೇರೆ. ಹಿಂದೆ ಕಾಣುವ ಮಂಜು ಮುಸುಕಿದ ಬೆಟ್ಟ ಮಾತ್ರ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಒಂದೇ ತರಹ ಇರುತ್ತದೆ. ಹೆಸರಿಗಾಗಿ ಮಾಲೀಕರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ, ಲೋಗೋ ಹತ್ತು ಸಲ ತಿದ್ದಿಸಿರುತ್ತಾರೆ. ಹಿನ್ನೆಲೆಯ ಚಿತ್ರ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಡಿಸೈನರ್ ‘ಒಂದು ಬ್ಯಾಕ್‌ಗ್ರೌಂಡ್ ಹಾಕಿದೀನಿ ಸರ್, ಚೆನ್ನಾಗಿದೆ ಅಲ್ವಾ’ ಎನ್ನುತ್ತಾರೆ, ಮಾಲೀಕರು ‘ಚೆನ್ನಾಗಿದೆ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಕಾನೂನಿನ ಕಣ್ಣಿಗೆ ಆ ಬೆಟ್ಟವೂ ಒಂದು ಕೃತಿ. ಅದನ್ನು ಮುದ್ರಿಸುವ ಹಕ್ಕು ಯಾರಲ್ಲಿದೆ, ಎಷ್ಟು ಪ್ರತಿಗಳ ತನಕ ಇದೆ, ಅದನ್ನೇ ಪಕ್ಕದ ಬ್ರ್ಯಾಂಡ್ ನಕಲು ಮಾಡಿದರೆ ತಡೆಯಬಹುದೇ ಎಂಬ ಮೂರು ಪ್ರಶ್ನೆಗಳು ಅದರ ಹಿಂದೆ ಇವೆ. ಸ್ಟಾಕ್ ಚಿತ್ರಕ್ಕೆ ಬರುವ ಉತ್ತರ ಒಂದು, ಎಐ ಮಾಡಿಕೊಟ್ಟ ಚಿತ್ರಕ್ಕೆ ಬರುವ ಉತ್ತರ ಇನ್ನೊಂದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಶಿರಸಿ ಕಡೆಯ ಒಂದು ಗೃಹೋದ್ಯಮ. 100 ಗ್ರಾಂ ಸಾಂಬಾರು ಪುಡಿಯ ಪೌಚ್ ಮಾಡಿಸಬೇಕಾಗಿದೆ. ತಿಂಗಳಿಗೆ 20,000 ಪ್ಯಾಕೆಟ್ ಮಾರಾಟವಾಗುವ ಅಂದಾಜು. ಇಂಥ ಪೌಚ್ ಸಾಮಾನ್ಯವಾಗಿ ಗ್ರಾವ್ಯೂರ್ ಮುದ್ರಣದಲ್ಲಿ ತಯಾರಾಗುತ್ತದೆ. ಪ್ರತಿ ಬಣ್ಣಕ್ಕೂ ಚಿತ್ರ ಕೊರೆದ ಒಂದೊಂದು ಸಿಲಿಂಡರ್ ಬೇಕು. ನಾಲ್ಕು ಬಣ್ಣ, ಅಡಿಯಲ್ಲಿ ಬಿಳಿ ಎಂದು ಹಿಡಿದರೂ ಐದು ಸಿಲಿಂಡರ್ ಆಯಿತು. ಒಮ್ಮೆ ಕೊರೆದ ಮೇಲೆ ಹಿನ್ನೆಲೆ ಬದಲಾಯಿಸಬೇಕೆಂದರೆ ಸಿಲಿಂಡರುಗಳನ್ನು ಹೊಸದಾಗಿ ಮಾಡಿಸಬೇಕು, ಮುದ್ರಿಸಿಟ್ಟ ಫಿಲ್ಮ್ ರೋಲು ಗುಜರಿಗೆ ಹೋಗುತ್ತದೆ. ಚಿತ್ರದ ಬೆಲೆ ಕೆಲವು ನೂರು ಅಥವಾ ಸಾವಿರ ರೂಪಾಯಿ ಇರಬಹುದು. ಅದು ತಪ್ಪು ಚಿತ್ರವಾಗಿದ್ದರೆ ಆಗುವ ನಷ್ಟಕ್ಕೆ ಆ ಬೆಲೆಯ ಜೊತೆ ಯಾವ ಸಂಬಂಧವೂ ಇರುವುದಿಲ್ಲ.

ಹುಡುಕಿ ಇಳಿಸಿದ ಚಿತ್ರ

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದೇ. ಗೂಗಲ್‌ನಲ್ಲಿ ಹುಡುಕುವುದು, ಇಲ್ಲವೇ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ‘ಪಿಎಸ್‌ಡಿ ಕಲೆಕ್ಷನ್’ನಿಂದ ಒಂದನ್ನು ಎತ್ತಿಕೊಳ್ಳುವುದು. ಡಿಟಿಪಿ ಸೆಂಟರುಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ, ಮದುವೆ ಆಲ್ಬಂ ಮಾಡುವ ಸ್ಟುಡಿಯೋಗಳಲ್ಲಿ ಇಂಥ ಸಾವಿರಾರು ಫೈಲುಗಳು ಹಾರ್ಡ್‌ಡಿಸ್ಕ್ ತುಂಬ ಇರುತ್ತವೆ. ಯಾರೋ ದುಡ್ಡು ಕೊಟ್ಟು ಆ ಡಿವಿಡಿ ಕೊಂಡಿದ್ದರು ಎಂಬುದು ನಿಜವಿರಬಹುದು. ಮಾರಿದವನಿಗೆ ಮಾರುವ ಹಕ್ಕು ಇತ್ತೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ನೋಂದಣಿ ಮಾಡಿಸಿದ್ದರೂ ಇಲ್ಲದಿದ್ದರೂ, ಮೂಲೆಯಲ್ಲಿ ಹೆಸರು ಬರೆದಿದ್ದರೂ ಇಲ್ಲದಿದ್ದರೂ ಹಕ್ಕು ತಾನಾಗಿಯೇ ಹುಟ್ಟುತ್ತದೆ. 2012ರ ತಿದ್ದುಪಡಿಯ ನಂತರ ಅದು ಫೋಟೋಗ್ರಾಫರ್ ಬದುಕಿರುವಷ್ಟು ಕಾಲ, ಆಮೇಲೆ ಇನ್ನೂ 60 ವರ್ಷ ಉಳಿಯುತ್ತದೆ. ಹಾಗಾಗಿ ‘ಹೆಸರು ಇರಲಿಲ್ಲ’, ‘ನೆಟ್‌ನಲ್ಲಿ ಸಿಕ್ಕಿತು’ ಎಂಬ ಮಾತುಗಳಿಂದ ಹಕ್ಕು ಹೋಗುವುದಿಲ್ಲ.

ಡಿಸೈನ್ ಲೋಕದಲ್ಲಿ ಇನ್ನೊಂದು ಗಟ್ಟಿ ನಂಬಿಕೆ ಇದೆ: ಮೂವತ್ತು ಪರ್ಸೆಂಟ್ ಬದಲಾಯಿಸಿದರೆ ಚಿತ್ರ ನಮ್ಮದಾಗುತ್ತದೆ. ಬಣ್ಣ ಬದಲಾಯಿಸಿ, ಎಡ ಬಲ ತಿರುಗಿಸಿ, ಸ್ವಲ್ಪ ಬ್ಲರ್ ಮಾಡಿ ಕೂರಿಸುತ್ತಾರೆ. ಕಾಯ್ದೆಯಲ್ಲಿ ಇಂಥ ಯಾವ ಪರ್ಸೆಂಟೂ ಇಲ್ಲ. 1978ರಲ್ಲಿ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ ಕೊಟ್ಟ ಅಳತೆಗೋಲು ಈಗಲೂ ನಡೆಯುತ್ತಿದೆ. ಅದರ ಪ್ರಕಾರ ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಮೂಡಿಸಿದ ರೂಪಕ್ಕೆ ಇದೆ. ಎರಡನ್ನೂ ಕಂಡ ಸಾಮಾನ್ಯ ವ್ಯಕ್ತಿಗೆ ಇದು ಅದರದ್ದೇ ನಕಲು ಎಂದು ತಪ್ಪದೆ ಅನ್ನಿಸುವಂತಿದ್ದರೆ ಉಲ್ಲಂಘನೆಯಾಯಿತು. ಮಂಜು ಕವಿದ ಬೆಟ್ಟವನ್ನು ಯಾರು ಬೇಕಾದರೂ ಪ್ಯಾಕೆಟ್ಟಿನ ಮೇಲೆ ಹಾಕಬಹುದು, ಅದು ಕಲ್ಪನೆ. ಒಬ್ಬರು ಒಂದು ಬೆಳಗ್ಗೆ ಒಂದು ಕೋನದಿಂದ ಸೆರೆಹಿಡಿದ ಆ ನಿರ್ದಿಷ್ಟ ಫೋಟೋವನ್ನು ತಿರುಗಿಸಿ ಹಾಕಿದರೆ ಅದು ಅವರ ಫೋಟೋವೇ.

ವಾಟರ್‌ಮಾರ್ಕ್ ಅಳಿಸುವುದಂತೂ ಇನ್ನೂ ಅಪಾಯಕಾರಿ. ಮಾಲೀಕರನ್ನು ಗುರುತಿಸುವ ಮಾಹಿತಿಯನ್ನು ಬೇಕೆಂದೇ ತೆಗೆದುಹಾಕುವುದನ್ನು 2012ರಲ್ಲಿ ಸೇರಿಸಿದ 65ಬಿ ಕಲಂ ಪ್ರತ್ಯೇಕ ಅಪರಾಧವೆಂದೇ ಹೇಳುತ್ತದೆ. ಶಿಕ್ಷೆ ಎರಡು ವರ್ಷದವರೆಗಿನ ಸೆರೆ ಮತ್ತು ದಂಡ. ಮೇಲಾಗಿ, ವಾಟರ್‌ಮಾರ್ಕ್ ಅಳಿಸಿದವರು ‘ಇದು ಬೇರೆಯವರದ್ದು ಅಂತ ಗೊತ್ತಿರಲಿಲ್ಲ’ ಎಂದು ಹೇಳುವಂತೆಯೂ ಇರುವುದಿಲ್ಲ.

ಗೊತ್ತಿತ್ತೋ ಇಲ್ಲವೋ ಎಂಬುದಕ್ಕೆ ಇಲ್ಲಿ ತೂಕವಿದೆ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷದ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಈ ಅಪರಾಧಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಇದು ಜಾಮೀನುರಹಿತ ಎಂದು 2022ರಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಿಜವಾಗಿಯೂ ಗೊತ್ತಿರಲಿಲ್ಲ, ಅನುಮಾನಪಡಲು ಕಾರಣವೂ ಇರಲಿಲ್ಲ ಎಂದು ಸಾಬೀತು ಮಾಡಿದರೆ ಸಿವಿಲ್ ದಾವೆಯ ಪೆಟ್ಟು ಹಗುರವಾಗುತ್ತದೆ. ಆಗಲೂ ಮಾರಾಟಕ್ಕೆ ತಡೆಯಾಜ್ಞೆ ಬರುತ್ತದೆ, ಬಂದ ಲಾಭದಲ್ಲಿ ಪಾಲು ಕೊಡಿಸಬಹುದು. ಪೌಚ್ ಮಾಡಿಸಿದವರು ನೆನಪಿಡಬೇಕಾದ ಇನ್ನೊಂದು ಕಲಂ 58. ಅಕ್ರಮ ಪ್ರತಿಗಳಷ್ಟೇ ಅಲ್ಲ, ಅವನ್ನು ಮುದ್ರಿಸಲು ಬಳಸಿದ ಪ್ಲೇಟುಗಳನ್ನೂ ಕಾಯ್ದೆ ಕಾಪಿರೈಟ್ ಮಾಲೀಕರ ಸೊತ್ತೆಂದೇ ಭಾವಿಸುತ್ತದೆ. ಬ್ಲಾಕು, ಅಚ್ಚುಗಳನ್ನೂ ಒಳಗೊಳ್ಳುವ ಹಾಗೆ ‘ಪ್ಲೇಟ್’ ಪದದ ವ್ಯಾಖ್ಯೆ ಇದೆ. ನಮ್ಮ ಐದು ಸಿಲಿಂಡರುಗಳನ್ನು ಅದರಿಂದ ಹೊರಗಿಡುವುದು ಕಷ್ಟ.

ದುಡ್ಡು ಕೊಟ್ಟು ತಂದ ಸ್ಟಾಕ್ ಚಿತ್ರ

ಎರಡನೆಯ ದಾರಿ ಸ್ಟಾಕ್ ತಾಣ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಐಸ್ಟಾಕ್, ಫ್ರೀಪಿಕ್ ಹೀಗೆ ಹಲವಿವೆ. ಇಲ್ಲಿ ಮೊದಲು ತಲೆ ತಿರುಗಿಸುವುದು ‘ರಾಯಲ್ಟಿ ಫ್ರೀ’ ಎಂಬ ಮಾತು. ಪುಕ್ಕಟೆ ಎಂಬ ಅರ್ಥ ಅದಕ್ಕಿಲ್ಲ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಬಳಸಿದಷ್ಟು ಸಲವೂ ಕೊಡುತ್ತಿರಬೇಕಿಲ್ಲ ಎಂದಷ್ಟೇ. ಕೊಟ್ಟ ದುಡ್ಡಿಗೆ ಚಿತ್ರ ನಮ್ಮದಾಗುವುದೂ ಇಲ್ಲ. ಬಾಡಿಗೆ ಮನೆಯ ಹಾಗೆ: ವಾಸಕ್ಕೆ ಅಡ್ಡಿಯಿಲ್ಲ, ಮಹಡಿ ಕಟ್ಟಿಸುವುದು, ಇನ್ನೊಬ್ಬರಿಗೆ ಕೊಡುವುದು ಎಲ್ಲವೂ ಕರಾರಿನಲ್ಲಿ ಬರೆದಂತೆಯೇ.

ಆ ಕರಾರಿನ ಮೊದಲ ಷರತ್ತು ಪ್ರತಿಗಳ ಸಂಖ್ಯೆ. ದೊಡ್ಡ ತಾಣಗಳ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಮುದ್ರಣಕ್ಕೆ ಸಾಮಾನ್ಯವಾಗಿ 5 ಲಕ್ಷ ಪ್ರತಿಗಳ ಮಿತಿ ಇರುತ್ತದೆ. ಲಗ್ನಪತ್ರಿಕೆಗೋ ಕ್ಯಾಲೆಂಡರಿಗೋ ಇದು ಮುಗಿಯದ ಸಂಖ್ಯೆ. ನಮ್ಮ ಸಾಂಬಾರು ಪುಡಿಗೆ ಹಾಗಲ್ಲ. ತಿಂಗಳಿಗೆ 20,000 ಎಂದರೆ ವರ್ಷಕ್ಕೆ 2,40,000. ಎರಡು ವರ್ಷಕ್ಕೆ 4,80,000. ಇಪ್ಪತ್ತೈದನೆಯ ತಿಂಗಳು ಮುಗಿಯುವಾಗ 5 ಲಕ್ಷ ಮುಟ್ಟುತ್ತದೆ, ಇಪ್ಪತ್ತಾರನೆಯ ತಿಂಗಳ ಮೊದಲ ಪ್ಯಾಕೆಟ್ಟಿಗೆ ಲೈಸೆನ್ಸ್ ಇರುವುದಿಲ್ಲ. ವ್ಯಾಪಾರ ಚೆನ್ನಾಗಿ ನಡೆದಷ್ಟೂ ಈ ದಿನ ಬೇಗ ಬರುತ್ತದೆ. ಮಾಲೀಕರಿಗೆ ಇದು ತಿಳಿಯುವುದೇ ಇಲ್ಲ, ಯಾಕೆಂದರೆ ಲೈಸೆನ್ಸ್ ಓದಿದ್ದು ಡಿಸೈನರ್, ಪ್ಯಾಕೆಟ್ ಎಣಿಸುವವರು ಮಾಲೀಕರು. ಪರಿಹಾರ ಸುಲಭ: ಮಿತಿ ಇಲ್ಲದ ಎಕ್ಸ್‌ಟೆಂಡೆಡ್ ಅಥವಾ ಎನ್‌ಹ್ಯಾನ್ಸ್ಡ್ ಲೈಸೆನ್ಸನ್ನು ಮೊದಲೇ ಕೊಳ್ಳುವುದು. ಚಿತ್ರವೇ ಸರಕಾಗುವ ಟೀ ಶರ್ಟು, ಮಗ್ಗು, ಗೋಡೆಗೆ ಹಾಕುವ ಪೋಸ್ಟರುಗಳಿಗಂತೂ ಎಷ್ಟೇ ಕಡಿಮೆ ಪ್ರತಿ ಇದ್ದರೂ ಈ ದೊಡ್ಡ ಲೈಸೆನ್ಸೇ ಬೇಕು.

ಎರಡನೆಯ ಷರತ್ತು ಲೋಗೋ ಮತ್ತು ಟ್ರೇಡ್‌ಮಾರ್ಕ್. ಸ್ಟಾಕ್ ಚಿತ್ರವನ್ನು ಟ್ರೇಡ್‌ಮಾರ್ಕಿನ ಭಾಗವಾಗಿಸಬಾರದು ಎಂದು ಈ ತಾಣಗಳು ಸ್ಪಷ್ಟವಾಗಿ ಬರೆದಿರುತ್ತವೆ. ಕಾರಣ ನೇರ. ನಾಳೆ ಅದೇ ಚಿತ್ರವನ್ನು ಇನ್ನೊಬ್ಬರಿಗೂ ಮಾರುವವರು ನಿಮ್ಮೊಬ್ಬರದ್ದೇ ಗುರುತಾಗಲು ಬಿಡುವುದು ಹೇಗೆ? ಎಡವಟ್ಟಾಗುವುದು ಟಿಎಂ-ಎ ಅರ್ಜಿ ಹಾಕುವಾಗ. ಸಾಂಬಾರು ಪುಡಿ 30ನೇ ವರ್ಗದಲ್ಲಿ ಬರುತ್ತದೆ. ಮಾಲೀಕರು ಹೆಸರು, ಬೆಟ್ಟ, ಬಟ್ಟಲು ಎಲ್ಲವೂ ಇರುವ ಇಡೀ ಲೇಬಲ್ಲಿನ ಜೆಪಿಜಿಯನ್ನೇ ಏಜೆಂಟರಿಗೆ ಕಳಿಸಿಬಿಡುತ್ತಾರೆ, ಅವರು ಅದನ್ನೇ ಅರ್ಜಿಗೆ ಅಂಟಿಸುತ್ತಾರೆ. ಆ ಹೊತ್ತಿಗೆ ಸ್ಟಾಕ್ ಲೈಸೆನ್ಸ್ ಮುರಿದಂತಾಯಿತು. ಹೆಸರಿನ ಅಕ್ಷರ ವಿನ್ಯಾಸ ಮತ್ತು ಲಾಂಛನವನ್ನು ಕೈಯಲ್ಲಿ ಬರೆಸಿ, ಹಿನ್ನೆಲೆ ಇಲ್ಲದೆ ಅಷ್ಟನ್ನೇ ನೋಂದಣಿಗೆ ಕೊಡುವುದು ಸರಿಯಾದ ಕ್ರಮ. ಹಿನ್ನೆಲೆ ನಾಳೆ ಬದಲಾದರೂ ಆಗ ಟ್ರೇಡ್‌ಮಾರ್ಕಿಗೆ ಧಕ್ಕೆಯಿಲ್ಲ.

ಮೂರನೆಯದು, ಒಂದು ಖರೀದಿ ಒಬ್ಬ ಗ್ರಾಹಕರಿಗೆ. ಡಿಸೈನರ್ ತಮ್ಮ ಖಾತೆಯಿಂದ ಕೊಂಡ ಬೆಟ್ಟವನ್ನು ಈ ವರ್ಷ ಸಾಂಬಾರು ಪುಡಿಗೆ, ಮುಂದಿನ ವರ್ಷ ಮತ್ತೊಬ್ಬರ ಜೇನಿಗೆ ಹಾಕಿದರೆ ಎರಡನೆಯದಕ್ಕೆ ಮತ್ತೆ ಲೈಸೆನ್ಸ್ ಕೊಳ್ಳಬೇಕು. ‘ನನ್ನ ಸಬ್‌ಸ್ಕ್ರಿಪ್ಷನ್‌ನಲ್ಲಿ ಇಳಿಸಿದ್ದು’ ಎಂಬ ಸಮಾಧಾನ ಸಾಲದು.

ಇನ್ನು ಚಿತ್ರದೊಳಗೆ ಇರುವುದನ್ನೂ ನೋಡಬೇಕು. ಕೆಲವು ಚಿತ್ರಗಳ ಮೇಲೆ `Editorial Use Only` ಎಂದಿರುತ್ತದೆ. ಸುದ್ದಿಗೆ, ಲೇಖನಕ್ಕೆ ಬಳಸಬಹುದು, ಸರಕು ಮಾರಲು ಬಳಸುವಂತಿಲ್ಲ. ಸಾಮಾನ್ಯವಾಗಿ ಅಲ್ಲಿ ಗುರುತು ಸಿಗುವ ಮುಖ ಇರುತ್ತದೆ, ಕಂಪನಿಯ ಫಲಕ ಇರುತ್ತದೆ, ಅವರ ಒಪ್ಪಿಗೆ ಪತ್ರ ಇರುವುದಿಲ್ಲ. ಟೀ ತೋಟದ ಹಿನ್ನೆಲೆಯಲ್ಲಿ ಎಲೆ ಕೀಳುವ ಹೆಂಗಸಿನ ಮುಖ ಕಾಣುತ್ತಿದ್ದರೆ, ಆಕೆಯ ಮಾಡೆಲ್ ರಿಲೀಸ್ ಇದೆಯೇ ಎಂದು ಚಿತ್ರದ ಪುಟದಲ್ಲಿ ನೋಡಲೇಬೇಕು.

ಪುಕ್ಕಟೆ ತಾಣಗಳಾದ ಅನ್‌ಸ್ಪ್ಲಾಶ್, ಪಿಕ್ಸಬೇ, ಪೆಕ್ಸೆಲ್ಸ್‌ಗಳಲ್ಲಿ ವಾಣಿಜ್ಯ ಬಳಕೆಗೆ ಅನುಮತಿ ಇದೆ. ಆದರೆ ಚಿತ್ರದಲ್ಲಿರುವ ವ್ಯಕ್ತಿಯ, ಬ್ರ್ಯಾಂಡಿನ ಒಪ್ಪಿಗೆಗೆ ಅವರು ಹೊಣೆ ಹೊರುವುದಿಲ್ಲ. ಯಾರೋ ಕದ್ದು ಹಾಕಿದ ಫೋಟೋ ಅಲ್ಲಿದ್ದರೆ ಆ ಲೈಸೆನ್ಸಿಗೆ ಬೆಲೆಯೂ ಇಲ್ಲ. ನಿಯಮಗಳೂ ಬದಲಾಗುತ್ತವೆ. ಎಲ್ಲ ಹಕ್ಕು ಬಿಟ್ಟುಕೊಡುವ ಸಿಸಿ0 ಲೈಸೆನ್ಸಿನಿಂದ ಅನ್‌ಸ್ಪ್ಲಾಶ್ 2017ರಲ್ಲಿ, ಪಿಕ್ಸಬೇ 2019ರಲ್ಲಿ ತಮ್ಮದೇ ಲೈಸೆನ್ಸಿಗೆ ಬದಲಾದವು. ಕ್ರಿಯೇಟಿವ್ ಕಾಮನ್ಸ್ ಚಿತ್ರವಾದರೆ ಕೊನೆಯ ಅಕ್ಷರ ನೋಡಬೇಕು: ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕಿಲ್ಲ, ಎನ್‌ಡಿ ಎಂದಿದ್ದರೆ ತಿದ್ದಿ ಹಂಚುವಂತಿಲ್ಲ, ಬರೀ ಬಿವೈ ಎಂದಿದ್ದರೆ ಕರ್ತೃವಿನ ಹೆಸರು ಹಾಕಿ ಬಳಸಬಹುದು. ಪೌಚಿನ ಮೇಲೆ ಫೋಟೋಗ್ರಾಫರ್ ಹೆಸರು ಹಾಕಲು ಮಾಲೀಕರು ಒಪ್ಪುತ್ತಾರೆಯೇ ಎಂಬುದು ಆಮೇಲಿನ ಮಾತು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸ್ಟಾಕ್ ಚಿತ್ರದಲ್ಲಿ ಒಂದು ಕೊರತೆ ಉಳಿಯುತ್ತದೆ. ಅದೇ ಬೆಟ್ಟವನ್ನು ಎದುರಾಳಿಯೂ ಕೊಂಡು, ಅಷ್ಟೇ ಕಾನೂನುಬದ್ಧವಾಗಿ ತನ್ನ ಪ್ಯಾಕೆಟ್ಟಿಗೆ ಹಾಕಬಹುದು. ಕಪಾಟಿನಲ್ಲಿ ಒಂದೇ ಬೆಟ್ಟ ಪದೇ ಪದೇ ಕಾಣಲು ಕಳ್ಳತನವೊಂದೇ ಕಾರಣವಲ್ಲ.

ಎಐ ಕೊಟ್ಟ ಬೆಟ್ಟ

ಮೂರನೆಯ ದಾರಿ ಈಚಿನದು. ‘ಮಲೆನಾಡಿನ ಬೆಟ್ಟ, ಬೆಳಗಿನ ಮಂಜು, ಮುಂದೆ ಮಣ್ಣಿನ ಬಟ್ಟಲು’ ಎಂದು ಟೈಪಿಸಿದರೆ ನಿಮಿಷದೊಳಗೆ ನಾಲ್ಕು ಚಿತ್ರ. ಫೋಟೋಗ್ರಾಫರ್ ಇಲ್ಲ, ಸ್ಟಾಕ್ ಕಂಪನಿ ಇಲ್ಲ, ಆದ್ದರಿಂದ ತಕರಾರೂ ಇಲ್ಲ ಎಂಬ ಭಾವನೆ ಬರುತ್ತದೆ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಈ ಚಿತ್ರ ಬಳಸಲು ನನಗೆ ಅಡ್ಡಿ ಇದೆಯೇ? ಬೇರೆಯವರು ಬಳಸದಂತೆ ನಾನು ಅಡ್ಡಿಪಡಿಸಬಹುದೇ?

ಮೊದಲನೆಯದಕ್ಕೆ ಆ ಸೇವೆಯ ಷರತ್ತುಗಳೇ ಉತ್ತರ. ಚಾಟ್‌ಜಿಪಿಟಿ ನಡೆಸುವ ಓಪನ್‌ಎಐ, ಚಿತ್ರದಲ್ಲಿ ತನಗೇನಾದರೂ ಹಕ್ಕು ಇದ್ದರೆ ಅದನ್ನು ಬಳಕೆದಾರರಿಗೆ ಬಿಟ್ಟುಕೊಡುತ್ತದೆ. ಜೊತೆಗೇ, ಬೇರೆಯವರಿಗೂ ಇದೇ ತರಹದ ಚಿತ್ರ ಸಿಗಬಹುದು ಎಂದೂ ಹೇಳುತ್ತದೆ. ಮಿಡ್‌ಜರ್ನಿಯಲ್ಲಿ, ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯದ ಕಂಪನಿಗಳು ಮೇಲಿನ ದರ್ಜೆಯ ಪ್ಲ್ಯಾನ್ ಕೊಂಡಿರಲೇಬೇಕು. ಮಾಮೂಲಿ ಪ್ಲ್ಯಾನಿನಲ್ಲಿ ಮಾಡಿದ ಚಿತ್ರ ಅಲ್ಲಿನ ಎಲ್ಲರಿಗೂ ಕಾಣುತ್ತದೆ, ಅದನ್ನು ಆಧರಿಸಿ ಅವರೂ ಚಿತ್ರ ಮಾಡಿಕೊಳ್ಳಬಹುದು. ಬಿಡುಗಡೆಗೆ ಮುಂಚೆಯೇ ನಿಮ್ಮ ಪ್ಯಾಕೆಟ್ಟಿನ ಹಿನ್ನೆಲೆ ಊರಿಗೆಲ್ಲ ಕಂಡಂತಾಯಿತು. ಅಡೋಬಿ ತನ್ನ ಫೈರ್‌ಫ್ಲೈಯನ್ನು ಅಡೋಬಿ ಸ್ಟಾಕ್‌ನ ಚಿತ್ರಗಳು ಮತ್ತು ಕಾಪಿರೈಟ್ ಮುಗಿದ ಚಿತ್ರಗಳಿಂದ ತರಬೇತುಗೊಳಿಸಿದ್ದಾಗಿ ಹೇಳುತ್ತದೆ. ದೊಡ್ಡ ಕಂಪನಿಗಳ ಕೆಲವು ಪ್ಲ್ಯಾನುಗಳಲ್ಲಿ ಮೊಕದ್ದಮೆ ಬಂದರೆ ಹೊಣೆ ಹೊರುವ ಭರವಸೆಯೂ ಉಂಟು. ಉಚಿತ ಆ್ಯಪ್‌ಗಳಲ್ಲಿ ಇಂಥ ಭರವಸೆಯನ್ನು ನಿರೀಕ್ಷಿಸಬಾರದು.

ಸೇವೆಯವರು ‘ಬಳಸಿಕೊಳ್ಳಿ’ ಎಂದರೆ ಮೂರನೆಯವರ ಹಕ್ಕು ಅಳಿಸಿಹೋಗುವುದಿಲ್ಲ. ಬಂದ ಚಿತ್ರ ಯಾರದ್ದೋ ಪ್ರಸಿದ್ಧ ಫೋಟೋವನ್ನು, ಕಾರ್ಟೂನ್ ಪಾತ್ರವನ್ನು, ಇನ್ನೊಂದು ಬ್ರ್ಯಾಂಡಿನ ಗುರುತನ್ನು ಹೋಲುತ್ತಿದ್ದರೆ ಆರ್.ಜಿ. ಆನಂದ್ ಅಳತೆಗೋಲು ಇಲ್ಲಿಗೂ ಬರುತ್ತದೆ. ಗೆಟ್ಟಿ ಇಮೇಜಸ್ ಕಂಪನಿ ಸ್ಟೆಬಿಲಿಟಿ ಎಐ ಮೇಲೆ ಲಂಡನ್ನಿನಲ್ಲಿ ಹೂಡಿದ ದಾವೆಯನ್ನೇ ನೋಡಿ. 2025ರ ನವೆಂಬರ್ ತೀರ್ಪಿನಲ್ಲಿ ಗೆಟ್ಟಿಯ ಕಾಪಿರೈಟ್ ವಾದ ಗೆಲ್ಲಲಿಲ್ಲ. ಆದರೆ ಎಐ ಹುಟ್ಟಿಸಿದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ, ಐಸ್ಟಾಕ್‌ನ ವಾಟರ್‌ಮಾರ್ಕನ್ನು ಹೋಲುವ ಗುರುತುಗಳು ಮೂಡಿದ್ದವು, ಆ ಮಟ್ಟಿಗೆ ಟ್ರೇಡ್‌ಮಾರ್ಕ್ ಉಲ್ಲಂಘನೆ ಆಗಿದೆ ಎಂದು ನ್ಯಾಯಾಲಯ ಒಪ್ಪಿತು. ಎಐ ಚಿತ್ರವನ್ನು ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಬೇಕು ಎನ್ನುವುದು ಇದಕ್ಕೇ. ಅರ್ಥವಾಗದ ಸಹಿಯಂಥ ಗೀಚು, ಅಡ್ಡ ಪಟ್ಟಿಯಂಥ ಮಬ್ಬು ಕಂಡರೆ ಆ ಚಿತ್ರ ಬಿಟ್ಟುಬಿಡುವುದು ಕ್ಷೇಮ.

ಇನ್ನೊಬ್ಬರ ಫೋಟೋವನ್ನೇ ಎಐಗೆ ಕೊಟ್ಟು ‘ಇದನ್ನು ಸ್ವಲ್ಪ ಬದಲಾಯಿಸು’ ಎನ್ನುವುದಂತೂ ಹಳೆಯ ಮೂವತ್ತು ಪರ್ಸೆಂಟ್ ಆಟದ ಹೊಸ ರೂಪ. ಮೂಲ ಯಾವುದೆಂದು ನಿಮಗೆ ಗೊತ್ತಿದೆ, ಆದ್ದರಿಂದ ಅರಿಯದೆ ಆಯಿತು ಎನ್ನಲು ಬಾಯಿಯೇ ಇರುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಬಿಗಿಯಾಗಿದೆ. ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಎಂದು ನಮ್ಮ ಕಾಯ್ದೆಗೆ 1994ರಲ್ಲೇ ಒಂದು ಸಾಲು ಸೇರಿತ್ತು. ಆಗ ಈಗಿನಂಥ ಎಐ ಇರಲಿಲ್ಲ. ಒಂದು ವಾಕ್ಯ ಟೈಪ್ ಮಾಡಿದವರು ಆ ‘ಕಾರಣನಾದ ವ್ಯಕ್ತಿ’ ಹೌದೇ ಎಂಬುದನ್ನು ಆ ಸಾಲು ಬಿಡಿಸಿ ಹೇಳುವುದಿಲ್ಲ. 2020ರಲ್ಲಿ ವಕೀಲರೊಬ್ಬರು ತಾವು ತೆಗೆದ ಸೂರ್ಯಾಸ್ತದ ಫೋಟೋವನ್ನು ‘ರಾಘವ್’ ಎಂಬ ಎಐ ಮೂಲಕ ವ್ಯಾನ್‌ಗೋನ ‘ಸ್ಟಾರಿ ನೈಟ್’ ಶೈಲಿಗೆ ತಿರುಗಿಸಿ, ಎಐಯನ್ನೂ ಸಹಕರ್ತೃವೆಂದು ತೋರಿಸಿ ಭಾರತದಲ್ಲಿ ನೋಂದಣಿ ಪಡೆದರು. ಮರುವರ್ಷ ಕಾಪಿರೈಟ್ ಕಚೇರಿ ನೋಂದಣಿ ಹಿಂಪಡೆಯುವ ನೋಟಿಸು ಕಳಿಸಿತು. ಅದೇ ಚಿತ್ರಕ್ಕೆ ಅಮೆರಿಕದ ಕಚೇರಿ 2023ರಲ್ಲಿ ನೋಂದಣಿ ನಿರಾಕರಿಸಿತು. ಅಮೆರಿಕದ ನಿಲುವು ಈಗ ಸ್ಪಷ್ಟವಾಗಿದೆ: ಪ್ರಾಂಪ್ಟ್ ಬರೆದ ಮಾತ್ರಕ್ಕೆ ಚಿತ್ರದ ಕರ್ತೃ ಆಗುವುದಿಲ್ಲ. ‘ಝರ್ಯಾ ಆಫ್ ದ ಡಾನ್’ ಎಂಬ ಚಿತ್ರಕಥಾ ಪುಸ್ತಕದಲ್ಲಿ ಲೇಖಕಿ ಬರೆದ ಮಾತಿಗೆ, ಚಿತ್ರ ಮತ್ತು ಮಾತುಗಳನ್ನು ಜೋಡಿಸಿದ ಬಗೆಗೆ ರಕ್ಷಣೆ ಸಿಕ್ಕಿತು, ಮಿಡ್‌ಜರ್ನಿ ಕೊಟ್ಟ ಬಿಡಿ ಚಿತ್ರಗಳಿಗೆ ಸಿಗಲಿಲ್ಲ.

ನಮ್ಮ ಪೌಚಿಗೆ ಇದನ್ನು ಹೊಂದಿಸಿ ನೋಡಿದರೆ ಚಿತ್ರ ಹೀಗಾಗುತ್ತದೆ. ಕೈಯಲ್ಲಿ ಬರೆದ ಕನ್ನಡ ಅಕ್ಷರ, ಲಾಂಛನ, ಬಟ್ಟಲು ಎಲ್ಲಿ, ಹೆಸರು ಎಲ್ಲಿ ಎಂಬ ಜೋಡಣೆ ಇವು ಮನುಷ್ಯರ ಕೆಲಸ, ಇವುಗಳ ಮೇಲೆ ಹಕ್ಕು ಸಾಧಿಸಲು ನೆಲೆ ಇದೆ. ಹಿಂದಿನ ಬೆಟ್ಟವನ್ನು ಎದುರಾಳಿ ತೆಗೆದುಕೊಂಡರೆ ಕಾಪಿರೈಟ್ ಹಿಡಿದು ಹೋರಾಡುವುದು ಸಂಶಯದ ಮಾತು. ಇಡೀ ಪ್ಯಾಕೆಟ್ಟಿನ ನೋಟವನ್ನೇ ನಕಲು ಮಾಡಿ ಗಿರಾಕಿಗೆ ಮಂಕುಬೂದಿ ಎರಚಿದರೆ ಟ್ರೇಡ್‌ಮಾರ್ಕ್ ಕಾನೂನು ನೆರವಿಗೆ ಬಂದೀತು. ಹಿನ್ನೆಲೆ ಒಂದನ್ನೇ ಹಿಡಿದು ಕೇಳಿದರೆ ಉತ್ತರ ಕಷ್ಟ. ಲೇಬಲನ್ನು ಕಲಾಕೃತಿಯಾಗಿ ನೋಂದಾಯಿಸಲು ಹೊರಟರೆ ಅದರಲ್ಲಿ ಎಐ ಭಾಗ ಯಾವುದೆಂದು ಮುಚ್ಚಿಡಬಾರದು, ಮುಂದೆ ದಾವೆಯಲ್ಲಿ ಎದುರಾಳಿ ಮೊದಲು ಎತ್ತುವ ಆಕ್ಷೇಪ ಅದೇ ಆಗುತ್ತದೆ.

ಸ್ಟಾಕ್ ತಾಣಗಳಲ್ಲೂ ಈಗ ಎಐ ಚಿತ್ರಗಳಿವೆ. ಅಡೋಬಿ ಸ್ಟಾಕ್ ಅವಕ್ಕೆ ಗುರುತು ಹಾಕಿ ಮಾರುತ್ತದೆ, ಗೆಟ್ಟಿ 2022ರಲ್ಲೇ ಅಂಥವನ್ನು ಸ್ವೀಕರಿಸುವುದು ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡ ಮಾತ್ರಕ್ಕೆ ಫೋಟೋ ಎಂದುಕೊಳ್ಳದೆ ಆ ಗುರುತು ಇದೆಯೇ ಎಂದು ನೋಡಬೇಕು.

ಸಿಲಿಂಡರ್ ಕೊರೆಯುವ ಮುನ್ನ

ಪರೀಕ್ಷೆ ದೊಡ್ಡದೇನಲ್ಲ. ಹಿನ್ನೆಲೆಯ ಚಿತ್ರವನ್ನು, ಅದರ ಮೇಲೆ ಅಕ್ಷರ ಕೂರಿಸುವ ಮುಂಚೆಯೇ, ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಹಾಕಿ ಹುಡುಕಬೇಕು. ಒಮ್ಮೆ ನೇರವಾಗಿ, ಒಮ್ಮೆ ಎಡ ಬಲ ತಿರುಗಿಸಿ. ಯಾವುದಾದರೂ ಸ್ಟಾಕ್ ತಾಣದಲ್ಲಿ ಅದೇ ಚಿತ್ರ ಕಂಡರೆ ನಿಜವಾದ ಮಾಲೀಕರು ಯಾರೆಂಬ ಸುಳಿವು ಸಿಕ್ಕಂತೆ. ಪುಕ್ಕಟೆ ತಾಣದಿಂದ ತಂದದ್ದು ಬೇರೆ ಕಡೆ ಇನ್ನೊಬ್ಬರ ಹೆಸರಿನಲ್ಲಿ ಹಳೆಯ ದಿನಾಂಕದೊಂದಿಗೆ ಇದ್ದರೆ ಅದನ್ನು ಮುಟ್ಟಬಾರದು.

ಆಮೇಲೆ ಒಂದು ಫೋಲ್ಡರ್. ಸ್ಟಾಕ್ ಆದರೆ ಚಿತ್ರದ ಸಂಖ್ಯೆ, ಬಿಲ್ಲು, ಯಾರ ಹೆಸರಲ್ಲಿ ಕೊಂಡದ್ದು, ಆ ದಿನದ ಲೈಸೆನ್ಸ್ ಪುಟದ ಪಿಡಿಎಫ್. ನಿಯಮ ನಾಳೆ ಬದಲಾದರೂ ನೀವು ಕೊಂಡ ದಿನ ಏನಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಎಐ ಆದರೆ ಸೇವೆಯ ಹೆಸರು, ಪ್ಲ್ಯಾನು, ಪ್ರಾಂಪ್ಟು, ದಿನಾಂಕ, ಒಳಗೆ ಕೊಟ್ಟ ಚಿತ್ರಗಳು, ಕೈಯಿಂದ ತಿದ್ದಿದ ಹಂತಗಳಿರುವ ಲೇಯರ್ ಫೈಲು. ನೋಟಿಸು ಬಂದ ದಿನ ‘ಕಾರಣವಿಲ್ಲದೆ ನಂಬಿರಲಿಲ್ಲ’ ಎಂದು ತೋರಿಸಲು ಕೈಯಲ್ಲಿರುವುದು ಇದೊಂದೇ.

ಡಿಸೈನರ್ ಮತ್ತು ಮಾಲೀಕರ ನಡುವಿನ ಕಾಗದಕ್ಕೂ ಗಮನ ಬೇಕು. ‘ಡಿಸೈನ್ ಚಾರ್ಜ್’ ಎಂದು ಬಿಲ್ ಕೊಟ್ಟು ದುಡ್ಡು ಸಂದಾಯವಾದರೆ ಹಕ್ಕು ಮಾಲೀಕರಿಗೆ ಬಂತು ಎಂದು ಎಲ್ಲರೂ ತಿಳಿದಿರುತ್ತಾರೆ. ಹೊರಗಿನ ಡಿಸೈನರ್ ಮಾಡಿದ ಲೇಬಲ್ಲಿಗೆ ಹಾಗಾಗುವುದಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಂ ಹೇಳುತ್ತದೆ. ನಾಳೆ ಸಾಂಬಾರು ಪುಡಿ ದುಬೈಗೆ ಹೊರಟರೆ ತೊಡಕು ಅಲ್ಲಿಂದಲೇ ಶುರು. ಹೆಸರಿನ ಅಕ್ಷರ, ಲಾಂಛನ, ಜೋಡಣೆ ಪೂರ್ತಿ ವರ್ಗಾವಣೆ, ಹಿನ್ನೆಲೆ ಇಂಥ ಸಂಖ್ಯೆಯ ಸ್ಟಾಕ್ ಚಿತ್ರ ಅಥವಾ ಇಂಥ ಎಐ ಸೇವೆಯದು, ಮುದ್ರಣ ಮಿತಿ ಇಷ್ಟು ಎಂದು ನಾಲ್ಕು ಸಾಲು ಬರೆದರೆ ಸಾಕು. ತನ್ನದಲ್ಲದ ಬೆಟ್ಟವನ್ನು ಡಿಸೈನರ್ ಬರೆದುಕೊಡಲಾರರು, ಹಾಗೆಂದು ಆ ಕಾಗದವೇ ಹೇಳಬೇಕು.

ಹಬ್ಬದ ಶುಭಾಶಯದ ಪೋಸ್ಟಿಗೆ, ಒಂದು ವಾರದ ರಿಯಾಯಿತಿ ಜಾಹೀರಾತಿಗೆ ಸ್ಟಾಕ್ ಆದರೂ ಸರಿ, ಎಐ ಆದರೂ ಸರಿ. ಹತ್ತು ವರ್ಷ ಕಪಾಟಿನಲ್ಲಿ ಇರಬೇಕಾದ ಪೌಚಿಗೆ ಲೆಕ್ಕ ಬೇರೆ. ಊರಿನ ಒಬ್ಬ ಫೋಟೋಗ್ರಾಫರನ್ನು ಒಂದು ಬೆಳಗ್ಗೆ ಬೆಟ್ಟಕ್ಕೆ ಕಳಿಸಿ, ಸಂಭಾವನೆ ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಆ ಫೋಟೋದ ಮೊದಲ ಮಾಲೀಕರು ದುಡ್ಡು ಕೊಟ್ಟು ತೆಗೆಸಿದವರೇ ಎಂದು 17ನೇ ಕಲಂ ಹೇಳುತ್ತದೆ. ಲೇಬಲ್ ಡಿಸೈನಿಗೆ ಇಲ್ಲದ ಈ ಅನುಕೂಲ ಫೋಟೋಗೆ ಇದೆ. ಪ್ರತಿಗಳ ಮಿತಿ ಇಲ್ಲ, ಎದುರಾಳಿ ಕೊಳ್ಳಲು ಸಿಗುವುದಿಲ್ಲ, ಕದ್ದರೆ ಕೇಳುವ ಹಕ್ಕೂ ಇದೆ. ಐದು ಸಿಲಿಂಡರ್ ಮಾಡಿಸುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಆ ಒಂದು ಬೆಳಗಿನ ಸಂಭಾವನೆ ದುಬಾರಿ ಎನಿಸುವುದಿಲ್ಲ.